ಅಣ್ಣನ ರಿಸೆಪ್ಶನ್‌ನಲ್ಲಿ ತಂಗಿ ಮೈಕ್ ಹಿಡಿಯೋ ಮುಂಚೆ: ನೆನಪು ಮೊದ್ಲಾ, ಬೀಗರು ಮೊದ್ಲಾ?

ನಮ್ ಕಡೆ ಮದ್ವೆಗಳಲ್ಲಿ ಮೊದ್ಲು ಈ ಭಾಷಣ ಗೀಷಣ ಇರ್ಲಿಲ್ಲ, ತಂಗಿ ಅಂದ್ರೆ ಕಳಶ ಹಿಡ್ಕೊಂಡು ನಿಲ್ಲೋದು, ಆರತಿ ಎತ್ತೋದು, ಮನೆ ತುಂಬಿಸ್ಕೊಳ್ಳೋವಾಗ ಬಾಗ್ಲು ತಡೆಯೋದು, ಅಷ್ಟೇ. ಈಗ ಯಾರೋ ಒಬ್ರು ಕಸಿನ್ನು ಹಿಂದಿನ ದಿನ ಫೋನ್ ಮಾಡಿ "ನೀನೊಂದು ನಾಲ್ಕು ಮಾತಾಡೇ" ಅಂತಾರೆ, ನಾವು ಹೂಂ ಅಂದ್ಬಿಡ್ತೀವಿ, ಆಮೇಲೆ ರಾತ್ರಿ ಹನ್ನೊಂದಕ್ಕೆ ಮೆಹಂದಿ ಕೈಯಲ್ಲಿ ಫೋನ್ ಹಿಡ್ಕೊಂಡು ಏನ್ ಹೇಳೋದು ಅಂತ ಕೂರ್ತೀವಿ. ನನ್ ಕಥೇನೂ ಇದೇ. ನಾವು ಮೈಸೂರಿನೋರು, ಹುಡುಗಿ ಮನೆಯೋರು ಧಾರವಾಡದೋರು, ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡೋನು. ಒಂದೇ ನೆನಪನ್ನ ಇಟ್ಕೊಂಡು ಮೂರು ಥರ ಬರ್ದು ನೋಡ್ದೆ, ಕೊನೆಗೆ ಒಂದನ್ನ ಹೇಳ್ದೆ. ಆಮೇಲೆ ಇಬ್ರು ಕಸಿನ್ಸ್‌ಗೆ ಬರ್ಕೊಟ್ಟಿದೀನಿ, ಅವರಿಬ್ಬರಿಗೂ ನಾನು ಹೇಳಿದ್ದು ಹೊಂದ್ಲಿಲ್ಲ, ಬೇರೆ ಥರಾನೇ ಬರೀಬೇಕಾಯ್ತು. ಅದಕ್ಕೇ ಮೂರನ್ನೂ ಪಕ್ಕಪಕ್ಕ ಇಟ್ಟು ಹೇಳ್ತೀನಿ, ನಿಮಗ್ಯಾವುದು ಆಗುತ್ತೆ ನೀವೇ ನೋಡ್ಕೊಳ್ಳಿ.

ಮೊದ್ಲು ಗಡಿಯಾರ ನೋಡಿ

ಏನ್ ಹೇಳ್ಬೇಕು ಅನ್ನೋದಕ್ಕಿಂತ ಮುಂಚೆ ಯಾವಾಗ ಹೇಳ್ತೀರಾ ಅನ್ನೋದು ತೀರ್ಮಾನ ಆಗ್ಬೇಕು, ಯಾಕಂದ್ರೆ ಎದುರಿಗೆ ಯಾರ್ ಕೂತಿರ್ತಾರೆ ಅನ್ನೋದು ಅದರಲ್ಲೇ ಇದೆ. ನಮ್ ಛತ್ರದ ರಿಸೆಪ್ಶನ್ ಹೇಗಿರುತ್ತೆ ಗೊತ್ತಲ್ಲ, ಏಳು ಗಂಟೆಗೆ ಹುಡುಗ ಹುಡುಗಿ ಸ್ಟೇಜಿಗೆ ಬಂದು ನಿಂತ್ರೆ ಸಾಕು ಕ್ಯೂ ಶುರು, ಕವರ್ ಕೊಟ್ಟು ಫೋಟೋ ತೆಗೆಸ್ಕೊಂಡು ಸೀದಾ ಊಟದ ಹಾಲ್‌ಗೆ. ಏಳೂವರೆಯಿಂದ ಒಂಬತ್ತರ ತನಕ ಯಾರೂ ಯಾರ ಮಾತೂ ಕೇಳಲ್ಲ. ಆ ಹೊತ್ತಲ್ಲಿ ಮೈಕ್ ಹಿಡಿದ್ರೆ ಕ್ಯೂನಲ್ಲಿ ನಿಂತಿರೋರು ನಿಮ್ಮನ್ನ ಬಯ್ಕೊತಾರೆ, ಅವರ ತಪ್ಪೂ ಅಲ್ಲ, ಹೊಟ್ಟೆ ಹಸ್ದಿರುತ್ತೆ.

ಹಾಗಾಗಿ ಉಳಿಯೋದು ಎರಡೇ ಜಾಗ. ಒಂದು, ಜೋಡಿ ಸ್ಟೇಜಿಗೆ ಬಂದ ತಕ್ಷಣ, ಕ್ಯೂ ಬಿಡೋಕೆ ಮುಂಚೆ. ಆಗ ಎಲ್ಲಾ ಕುರ್ಚಿ ಮೇಲೆ ಇರ್ತಾರೆ, ಆದ್ರೆ ಅರ್ಧ ಜನ ಆಫೀಸಿನೋರು ಅಕ್ಕಪಕ್ಕದ ಮನೆಯೋರು, ಅವರಿಗೆ ನಿಮ್ ಬಾಲ್ಯ ಬೇಕಾಗಿಲ್ಲ. ಎರಡೂವರೆ ನಿಮಿಷದ ಮೇಲೆ ಹೋದ್ರೆ ಗುಸುಗುಸು ಶುರು ಆಗುತ್ತೆ. ಇನ್ನೊಂದು, ಒಂಬತ್ತೂವರೆ ಮೇಲೆ, ಕ್ಯೂ ಕರಗಿ ಬರೀ ಎರಡೂ ಮನೆಯೋರು ಉಳ್ಕೊಂಡಾಗ. ಆಗ ನಾಲ್ಕು ನಿಮಿಷ ಧಾರಾಳವಾಗಿ ತಗೋಬಹುದು, ಆದ್ರೆ ಹುಡುಗಿ ಕಡೆ ವಯಸ್ಸಾದೋರು ಊಟ ಮಾಡಿ ರೂಮಿಗೆ ಹೋಗಿರೋ ಚಾನ್ಸ್ ಇದೆ. ದೂರದಿಂದ ರಾತ್ರಿ ಟ್ರೇನಲ್ಲಿ ಬಂದ ಬೀಗರಾದ್ರಂತೂ ಪಕ್ಕಾ ಹೋಗಿರ್ತಾರೆ. ನಮ್ಮನೇಲಿ ವೈನಿಯ, ಅಂದ್ರೆ ಅತ್ತಿಗೆಯ, ಅಜ್ಜನ್ನ "ಇನ್ನೊಂದರ್ಧ ಗಂಟೆ ಇರ್ರಿ ಅಜ್ಜಾರ" ಅಂತ ಅವರ ಮೊಮ್ಮಗನ ಕೈಲಿ ಮೊದ್ಲೇ ಹೇಳ್ಸಿ ಕೂರಿಸ್ಕೊಂಡಿದ್ವಿ.

ಉದ್ದದ ಲೆಕ್ಕಕ್ಕೆ ಒಂದು ಮಾತು. ಕನ್ನಡದಲ್ಲಿ ನಿಧಾನವಾಗಿ ಹೇಳ್ತಾ ಹೋದ್ರೆ ನನಗೆ ನಿಮಿಷಕ್ಕೆ ತೊಂಬತ್ತು ನೂರು ಪದ ಆಗುತ್ತೆ, ನಗೋಕೆ ಬಿಡೋ ಗ್ಯಾಪ್ ಬೇರೆ. ಅಂದ್ರೆ ಫುಲ್‌ಸ್ಕೇಪ್ ಹಾಳೆ ಒಂದು ಪೂರ್ತಿ ಪುಟ ತುಂಬಿದ್ರೆ ಅದೇ ಜಾಸ್ತಿ. ಮನೇಲಿ ಬಾಯ್ಬಿಟ್ಟು ಓದಿ ಫೋನಲ್ಲಿ ಟೈಮ್ ನೋಡಿ, ಮನಸ್ಸಲ್ಲಿ ಓದ್ಕೊಂಡ್ರೆ ಯಾವಾಗ್ಲೂ ಕಮ್ಮಿ ಅನ್ಸುತ್ತೆ.

ಮೊದಲನೇ ಥರ: ನೆನಪು ಮುಂದೆ, ಸ್ವಾಗತ ಕೊನೆಗೆ

ಎಲ್ಲರ ಕೈಗೂ ಮೊದ್ಲು ಬರೋದು ಇದೇ. ಚಿಕ್ಕೋರಿದ್ದಾಗ ಹೀಗಿದ್ವಿ, ಹೀಗೆ ಕಿತ್ತಾಡ್ತಿದ್ವಿ, ಸೈಕಲ್ ಮೇಲಿಂದ ಬಿದ್ವಿ, ಅಣ್ಣ ನನ್ ತಪ್ಪನ್ನ ತನ್ ತಲೆ ಮೇಲೆ ಹಾಕ್ಕೊಂಡ, ಈಗ ಅವನ ಬಾಳಲ್ಲಿ ಅತ್ತಿಗೆ ಬಂದಿದಾರೆ, ನಮ್ಮನೆಗೆ ಸ್ವಾಗತ, ಥ್ಯಾಂಕ್ಯೂ. ಬರೆಯೋಕೆ ಸುಲಭ, ನಮ್ ಕಡೆಯೋರು ಚೆನ್ನಾಗಿ ನಗ್ತಾರೆ.

ತೊಂದ್ರೆ ಏನಂದ್ರೆ ಇದು ತೂಗಲ್ಲ. ನಮ್ ಕಸಿನ್ ಒಬ್ಬಳು ಹೀಗೇ ಶುರು ಮಾಡಿ ಹನ್ನೊಂದು ನಿಮಿಷ ಹೇಳಿದ್ಳು, ವಿಡಿಯೋದಲ್ಲಿ ನೋಡಿದ್ರೆ ಗೊತ್ತಾಗುತ್ತೆ, ಮೂರನೇ ನಿಮಿಷಕ್ಕೇ ಹುಡುಗಿ ಮುಖದ ನಗು ಫೋಟೋ ನಗು ಆಗಿದೆ, ಅವರಮ್ಮ ಸೆರಗು ಸರಿಮಾಡ್ಕೊತಾ ಕೂತಿದಾರೆ. ಅತ್ತಿಗೆ ಅನ್ನೋ ಪದ ಬಂದಿದ್ದು ಹತ್ತನೇ ನಿಮಿಷದಲ್ಲಿ! ಇನ್ನೊಂದು ಕಾರಣಾನೂ ಇದೆ, ನೆನಪು ಹೇಳ್ತಾ ಹೇಳ್ತಾ ಗಂಟಲು ಕಟ್ಟುತ್ತೆ. ಸ್ವಾಗತ ಕೊನೇಲಿದ್ರೆ ಅಳು ಬಂದಾಗ ಕಟ್ ಆಗೋದು ಸ್ವಾಗತಾನೇ. ಬೀಗರಿಗೆ ಉಳಿಯೋದು ಒಂದು ಬಿಕ್ಕು ಮತ್ತೆ "ಅಷ್ಟೇ".

ಆದ್ರೂ ಇದು ಸರಿಹೋಗೋ ಸಂದರ್ಭ ಇದೆ. ಸೋದರತ್ತೆ ಮಗಳನ್ನೇ ತಂದ್ಕೊಂಡಿದ್ರೆ, ಇಲ್ಲಾ ಹುಡುಗ ಹುಡುಗಿ ಒಂದೇ ಬೀದೀಲಿ ಬೆಳೆದೋರಾದ್ರೆ, ಆ ನೆನಪುಗಳಲ್ಲಿ ಹುಡುಗೀನೂ ಇರ್ತಾಳೆ, ಸ್ವಾಗತ ಅಂತ ಬೇರೆ ಹೇಳೋದೇ ಬೇಡ. ಇದನ್ನೇ ಆರಿಸ್ಕೊಂಡ್ರೆ ಒಂದೇ ನಿಯಮ, ಎರಡು ನೆನಪು, ಅದಕ್ಕಿಂತ ಒಂದೂ ಜಾಸ್ತಿ ಬೇಡ.

ಎರಡನೇ ಥರ: ಬೀಗರು ಮುಂದೆ, ನೆನಪು ಹಿಂದೆ

ಇಲ್ಲಿ ಬಾಯಿಂದ ಬರೋ ಮೊದಲನೇ ವಾಕ್ಯಾನೇ ಆ ಕಡೆಯೋರಿಗೆ. ಅವರ ಅಜ್ಜ ಅಜ್ಜಿ, ಆಮೇಲೆ ಅಪ್ಪ ಅಮ್ಮ, ಹುಡುಗಿ ಅಣ್ಣ ತಮ್ಮ ಯಾರಿದ್ರೆ ಅವರು, ಈ ಕ್ರಮದಲ್ಲಿ, ಸರಿಯಾದ ಹೆಸರಲ್ಲಿ. ಹೆಸರು ಲಗ್ನಪತ್ರಿಕೆ ನೋಡಿ ಓದ್ಬೇಡಿ, ಪತ್ರಿಕೇಲಿ ಉದ್ದ ಇರುತ್ತೆ, ಮನೇಲಿ ಕರೆಯೋದು ಬೇರೆ ಇರುತ್ತೆ, ಹುಡುಗೀನೇ ಕೇಳಿ ತಿಳ್ಕೊಳ್ಳಿ. ನಾನು ಈ ವರ್ಶನ್ನಿಗೆ ಶುರು ಹೀಗೆ ಬರ್ದಿದ್ದೆ: "ಮೈಸೂರು ಧಾರವಾಡ 1956ರ ನವೆಂಬರ್ 1ಕ್ಕೆ ಒಂದೇ ರಾಜ್ಯಕ್ಕೆ ಸೇರಿದ್ವು ಅಂತ ಸ್ಕೂಲಲ್ಲಿ ಓದಿದ್ದೆ, ನಮ್ಮನೇಲಿ ಮಾತ್ರ ನಾಳೆ ಮುಹೂರ್ತಕ್ಕೆ ಸೇರ್ತಿವೆ." ಧಾರವಾಡ ಅದಕ್ಕೆ ಮುಂಚೆ ಮುಂಬೈ ಕಡೆಗಿತ್ತಲ್ಲ, ಅದನ್ನ ಕಂಡಿರೋ ವಯಸ್ಸಿನೋರು ಅಜ್ಜ, ಅವರಿಗೆ ಇದು ತಟ್ಟುತ್ತೆ ಅಂತ ಲೆಕ್ಕ. (ಪೇಡ, ಮೈಸೂರ್ ಪಾಕ್ ಜೋಕ್ ಮಾತ್ರ ದಯವಿಟ್ಟು ಬೇಡ. ಹೆಣ್ಣು ನೋಡೋ ಶಾಸ್ತ್ರದ ದಿನವೇ ಎರಡೂ ಕಡೆ ಚಿಕ್ಕಪ್ಪಂದಿರು ಅದನ್ನ ಹೇಳಿ ಮುಗ್ಸಿರ್ತಾರೆ.)

ಈ ಥರದ ಲಾಭ ಏನಂದ್ರೆ ಮೊದಲ ಮೂವತ್ತು ಸೆಕೆಂಡಲ್ಲೇ ಆ ಕಡೆಯ ಸಾಲುಗಳು ನಿಮ್ ಕಡೆ ತಿರುಗುತ್ವೆ, ಆಮೇಲೆ ನೀವು ಬಾಲ್ಯದ ಕಥೆ ಹೇಳಿದ್ರೂ "ನಮ್ ಅಳಿಯ ಹೀಗಿದ್ನಂತೆ" ಅಂತ ಆಸಕ್ತಿಯಿಂದ ಕೇಳ್ತಾರೆ. ಅದೇ ನೆನಪು, ಕೇಳೋ ಕಿವಿ ಬೇರೆ. ನಷ್ಟ ಅಂದ್ರೆ ಸ್ವಲ್ಪ ಯೂನಿಯನ್ ಬ್ಯಾಂಕ್ ವಾರ್ಷಿಕೋತ್ಸವದ ಸ್ವಾಗತ ಭಾಷಣ ಥರ ಆಗ್ಬಿಡುತ್ತೆ, "ವೇದಿಕೆ ಮೇಲಿರುವ ಗಣ್ಯರೇ" ಅನ್ನೋ ಧಾಟಿ ಬಂತು ಅಂದ್ರೆ ಮುಗೀತು. ಹೆಸರುಗಳ ಪಟ್ಟಿ ಐದು ದಾಟಬಾರ್ದು, ಆರನೇ ಹೆಸರು ಹೇಳಿದ ಕ್ಷಣದಿಂದ ಹೇಳದೆ ಬಿಟ್ಟೋರು ಲೆಕ್ಕ ಹಾಕೋಕೆ ಶುರು ಮಾಡ್ತಾರೆ.

ಕ್ಯೂ ಬಿಡೋ ಮುಂಚೆ ಮಾತಾಡೋದಾದ್ರೆ ಇದೇ ಸೇಫು. ಇನ್ನು ನೀವು ಅಕ್ಕ ಆಗಿದ್ದು ಮದ್ವೆ ಆಗ್ತಿರೋನು ತಮ್ಮ ಆದ್ರೆ ನಾನಂತೂ ಇದನ್ನೇ ಹೇಳ್ತೀನಿ. ಅಕ್ಕಂದಿರ ಮಾತು ಗೊತ್ತಿಲ್ದೇನೇ "ಇವನನ್ನ ಎತ್ತಿ ಆಡ್ಸಿದ್ದು ನಾನು, ಸ್ನಾನ ಮಾಡ್ಸಿದ್ದು ನಾನು" ಅಂತ ತಿರುಗುತ್ತೆ, ಹೊಸಬಳಿಗೆ ಅದು ಇನ್ನೊಬ್ರು ಅತ್ತೆ ಮಾತಾಡಿದ ಹಾಗೆ ಕೇಳ್ಸುತ್ತೆ. ಮೊದ್ಲು ಅವಳ ಮನೆಯೋರನ್ನ ಮಾತಾಡಿಸಿದ್ರೆ ಆ ಬಿಗಿ ಸಡಿಲ ಆಗುತ್ತೆ.

ಮೂರನೇ ಥರ: ಒಂದೇ ಕಥೆ, ಅದೇ ತಿರುಗಿ ಸ್ವಾಗತ ಆಗೋದು

ನಾನು ಹೇಳಿದ್ದು ಇದನ್ನ. ಬರೆಯೋಕೆ ಕಷ್ಟ, ಯಾಕಂದ್ರೆ ಕಥೆ ಸಿಗ್ಬೇಕು, ಕಟ್ಟೋಕಾಗಲ್ಲ. ಹುಡುಕೋ ರೀತಿ ಹೀಗೆ: ಅಣ್ಣನಿಗೆ ಚಿಕ್ಕಂದಿನಿಂದ ಇರೋ ಒಂದು ಸಣ್ಣ ಅಭ್ಯಾಸ ನೆನಪು ಮಾಡ್ಕೊಳ್ಳಿ, ಗುಣ ಅಲ್ಲ, ಅಭ್ಯಾಸ. "ಒಳ್ಳೆ ಮನಸ್ಸು" ಅನ್ನೋದು ಗುಣ, ಅದರಿಂದ ಕಥೆ ಬರಲ್ಲ. ಆಮೇಲೆ ಹುಡುಗಿ ಆ ಅಭ್ಯಾಸಾನ ಎಲ್ಲಾದ್ರೂ ನೋಡಿದಾಳಾ, ನೋಡಿ ಏನಾದ್ರೂ ಅಂದಳಾ, ಮಾಡಿದಳಾ ಅಂತ ಯೋಚ್ನೆ ಮಾಡಿ. ನಿಶ್ಚಿತಾರ್ಥ, ಸೀರೆ ತಗೊಳ್ಳೋಕೆ ಹೋಗಿದ್ದು, ಫಸ್ಟ್ ಟೈಮ್ ಮನೆಗೆ ಊಟಕ್ಕೆ ಬಂದಿದ್ದು, ಇಂಥಾ ಜಾಗದಲ್ಲಿ ಸಿಗುತ್ತೆ. ಎರಡೂ ಸಿಕ್ರೆ ಭಾಷಣ ಸಿಕ್ತು. ಒಂದೇ ಸಿಕ್ರೆ ಬಲವಂತ ಮಾಡ್ದೆ ಎರಡನೇ ಥರಕ್ಕೆ ಹೋಗಿ.

ನನ್ನ ವಿಷಯದಲ್ಲಿ ಅಭ್ಯಾಸ ಅಂದ್ರೆ ಗೋಡಂಬಿ. ಕಾರ್ಡಿನಲ್ಲಿ ಬರ್ದಿದ್ದನ್ನ ಹಾಗೇ ಹಾಕ್ತೀನಿ:

"ನಮ್ಮನೇಲಿ ಹಬ್ಬ ಅಂದ್ರೆ ಎಲೆ ಊಟ. ಅಣ್ಣ ಪಾಯಸದಲ್ಲಿರೋ ಗೋಡಂಬೀನ ಮೊದ್ಲು ತಿಂತಿರ್ಲಿಲ್ಲ, ಎಲೆ ತುದೀಲಿ ಎತ್ತಿಡ್ತಿದ್ದ, ಕೊನೇಲಿ ತಿನ್ನೋಕೆ. ನಾನು ಪಕ್ಕದ ಎಲೆಯೋಳು, ಅವನು ಮಜ್ಜಿಗೆಗೆ ಕೈ ಚಾಚಿದ ತಕ್ಷಣ ಅದನ್ನ ಎತ್ಕೊಂಡು ಬಾಯಿಗೆ ಹಾಕೊಳ್ತಿದ್ದೆ. ಅಜ್ಜಿ 'ಎಂಜಲು ಕಣೇ' ಅಂತ ಬೈತಿದ್ರು, ಅಣ್ಣ ಅಳ್ತಿದ್ದ. ಒಂದು ಯುಗಾದಿಗೆ ನೋಡ್ತೀನಿ, ಎಲೆ ತುದೀಲಿ ಎರಡು ಗೋಡಂಬಿ, ಒಂದು ಆ ಕಡೆ, ಒಂದು ಈ ಕಡೆ. ಯಾಕೋ ಅಂದೆ. 'ಅದು ನೀನು ಕದಿಯೋದು, ಇದು ನಂದು' ಅಂದ. ಅವತ್ತಿಂದ ಎರಡಿಡೋದು ಬಿಟ್ಟಿಲ್ಲ.

"ಆಗಸ್ಟಲ್ಲಿ ಧಾರವಾಡದಲ್ಲಿ ನಿಶ್ಚಯ ಆದಾಗ ಊಟಕ್ಕೆ ಕೂತಿದ್ವಿ, ಅಣ್ಣ ಪಕ್ಕದಲ್ಲಿ ಇವರು, ನಾನು ಎದುರು ಪಂಕ್ತಿ. ಅಭ್ಯಾಸ ಬಲ, ಎರಡು ಗೋಡಂಬಿ ತುದಿಗೆ ಹೋಯ್ತು. ಇವರು ನೋಡಿ 'ಯಾಕ್ರೀ, ಸೇರೂದಿಲ್ಲೇನು?' ಅಂತ ಕೇಳಿದ್ರು. ಅಣ್ಣ 'ಇಲ್ಲ, ಅದು ತಂಗೀದು' ಅಂದ. ಇವರು ಏನೂ ಅನ್ಲಿಲ್ಲ. ಪಾಯಸ ಎರಡನೇ ಸಲ ಬಂದಾಗ ಬಡ್ಸೋರನ್ನ ಕರ್ದು, 'ಆ ಎದುರು ಪಂಕ್ತೀಗೆ, ಅವರ ತಂಗೀಗೆ, ಗೋಡಂಬಿ ನೋಡಿ ಹಾಕ್ರಿ' ಅಂದ್ರು.

"ಇವತ್ತು ನಾನಿಲ್ಲಿ ನಿಂತು ಇವರನ್ನ ನಮ್ಮನೆಗೆ ಬನ್ನಿ ಅಂತ ಕರೀಬೇಕಂತೆ. ನನ್ನನ್ನ ಅವರು ಆಗಸ್ಟಲ್ಲೇ ಸೇರಿಸ್ಕೊಂಡಾಗಿದೆ."

ನಗೋಕೆ ಬಿಡೋ ಗ್ಯಾಪೂ ಸೇರಿ ಇಷ್ಟು ಎರಡು ನಿಮಿಷದ ಮೇಲೆ ಸ್ವಲ್ಪ. ಇದರಲ್ಲಿ ಮೂರು ಕಡೆ ಕತ್ತರಿ ಹಾಕಿದೀನಿ, ಅದನ್ನ ಹೇಳಿದ್ರೆ ನಿಮಗೆ ಉಪಯೋಗ ಆಗ್ಬಹುದು. ಮೊದಲನೇದು, ಅಜ್ಜಿ ಈಗಿಲ್ಲ. ಮೊದಲ ಡ್ರಾಫ್ಟಲ್ಲಿ ಅಜ್ಜಿ ಕೊನೇಲಿ ಬರ್ತಿದ್ರು, "ಅಜ್ಜಿ ಇದ್ದಿದ್ರೆ" ಅಂತ. ಓದೋಕೆ ಹೋದ್ರೆ ನಾಲ್ಕೂ ಸಲ ಅಲ್ಲೇ ನಿಂತುಹೋಯ್ತು. ಅದಕ್ಕೆ ಅಜ್ಜೀನ ಮುಂದಕ್ಕೆ ತಂದು ಬೈಗುಳದ ಜೊತೆ ಇಟ್ಟೆ, ನಮ್ ಕಡೆಯೋರಿಗೆ ಆ 'ಎಂಜಲು ಕಣೇ' ಕೇಳಿದ್ರೆ ಸಾಕು, ಅಪ್ಪನ ಕಣ್ಣಲ್ಲಿ ನೀರು ಬಂತು, ನಾನು ಮಾತ್ರ ಮುಂದೆ ಹೋದೆ. ತೀರ್ಕೊಂಡೋರ ಹೆಸರು ಬರ್ಬೇಕಿದ್ರೆ ಮೊದಲರ್ಧದಲ್ಲೇ ಬಂದು ಹೋಗ್ಲಿ.

ಎರಡನೇದು, ಡ್ರಾಫ್ಟಲ್ಲಿ "ಇನ್ಮೇಲೆ ಆ ಗೋಡಂಬಿ ನಿಮ್ದು ವೈನಿ, ನಾನು ಬಿಟ್ಕೊಟ್ಟೆ" ಅಂತ ಇತ್ತು. ಕೇಳೋಕೆ ಚೆನ್ನಾಗಿದೆ, ಅಮ್ಮಾನೂ ಚೆನ್ನಾಗಿದೆ ಅಂದ್ರು. ಆದ್ರೆ ಯೋಚ್ನೆ ಮಾಡಿ, ಅಣ್ಣನ್ನ ನಾನು ಇಷ್ಟು ದಿನ ಇಟ್ಕೊಂಡಿದ್ದೆ ಈಗ ನಿಂಗೆ ದಾನ ಮಾಡ್ತಿದೀನಿ ಅನ್ನೋ ಅರ್ಥ ಬರುತ್ತೆ. ಇದೇ ಜಾತಿಗೆ ಸೇರಿದ್ದು "ಇವನನ್ನ ಇನ್ಮೇಲೆ ನೀವೇ ಸುಧಾರಿಸ್ಬೇಕು" ಅನ್ನೋದು, ಎಲ್ಲಾ ರಿಸೆಪ್ಶನ್ನಲ್ಲೂ ಕೇಳಿರ್ತೀರ, ಸ್ವಾಗತ ಅಂತ ಹೇಳಿ ಕೆಲ್ಸಕ್ಕೆ ಹಚ್ಚೋ ಮಾತು.

ಮೂರನೇದು ಸ್ವಲ್ಪ ಸೂಕ್ಷ್ಮ. ನಮ್ ಕಡೆ ಸುಮಾರು ಮದ್ವೇಲಿ ರಿಸೆಪ್ಶನ್ ಮುಹೂರ್ತದ ಹಿಂದಿನ ಸಂಜೆಗೇ ಇರುತ್ತಲ್ಲ. ಅಂದ್ರೆ ತಾಳಿ ಇನ್ನೂ ಬಿದ್ದಿಲ್ಲ. ನಾನು "ನಮ್ಮನೆ ಸೊಸೆ" ಅಂತ ಬರ್ದಿದ್ದೆ, ನಮ್ ದೊಡ್ಡಮ್ಮ ಓದಿ "ನಾಳೆ ಬೆಳಿಗ್ಗೆ ತನಕ ಅವರ ಮನೆ ಮಗಳೇ" ಅಂತ ಹೊಡೆದ್ಹಾಕಿದ್ರು. ಅದಕ್ಕೇ ಕಾರ್ಡಲ್ಲಿ ಎಲ್ಲಾ ಕಡೆ ಬರೀ "ಇವರು". ಮುಹೂರ್ತ ಆದ್ಮೇಲಿನ ರಿಸೆಪ್ಶನ್ ಆದ್ರೆ ಈ ತಲೆನೋವಿಲ್ಲ, ಧೈರ್ಯವಾಗಿ ಅತ್ತಿಗೆ ಅನ್ನಿ.

ಸ್ವಾಗತದ ಮಾತು ಯಾವುದು

ಯಾವ ಥರ ಆರಿಸ್ಕೊಂಡ್ರೂ ಕೊನೇಲಿ ಬೀಗರಿಗೆ ಅಂತ ಎರಡು ಮೂರು ವಾಕ್ಯ ಬೇಕೇ ಬೇಕು. "ನಮಗೆ ಇನ್ನೊಬ್ಬ ಮಗಳು ಸಿಕ್ಕಳು" ಅನ್ನೋದು ಕಿವಿಗೆ ಇಂಪು, ಆದ್ರೆ ಮುಂದಿನ ಸಾಲಲ್ಲಿ ಅವಳಮ್ಮ ಕೂತಿರ್ತಾರೆ, ನಾಳೆ ಧಾರೆ ಎರೆದು ಕೊಡ್ಬೇಕಾದೋರು. ಅವರಿಗೆ ಕೇಳ್ಸೋದು "ನಿಮ್ಗೆ ಒಬ್ಬಳು ಕಮ್ಮಿ ಆದ್ಳು" ಅಂತ. ಅದರ ಬದ್ಲು ದಿಕ್ಕು ತಿರುಗಿಸಿ, ನಮ್ಮೋನು ಅವರ ಮನೆಗೆ ಹೋಗ್ತಿದಾನೆ ಅಂತ ಹೇಳಿ. ನಾನಂದಿದ್ದು, "ಅಜ್ಜಾರ, ಅಣ್ಣ ಧಾರವಾಡಕ್ಕೆ ಬಂದಾಗ ಎಲೆ ತುದೀಲಿ ಏನಾದ್ರೂ ಬಿಟ್ರೆ ಬೈಬ್ಯಾಡ್ರಿ, ಅದಕ್ಕೊಂದು ಲೆಕ್ಕ ಅದ." ಅಷ್ಟೇ ಧಾರವಾಡದ ಮಾತು ಆಡಿದ್ದು, ಒಂದು ವಾಕ್ಯ. ಇನ್ನೂ ಎರಡು ಆಡಿದ್ರೆ ಅಣಕ ಆಗ್ತಿತ್ತು. ಮಂಗಳೂರು ಕಡೆ ಬೀಗರಾಗ್ಲಿ, ಕೊಡಗಿನೋರಾಗ್ಲಿ, ತಮಿಳರಾಗ್ಲಿ ಇದೇ ಅಳತೆ, ಅವರ ಮಾತಲ್ಲಿ ಒಂದು ವಾಕ್ಯ, ಅದೂ ಹುಡುಗಿ ಹತ್ರ ಹೇಳ್ಸಿಕೊಂಡು ತಿದ್ದಿಸ್ಕೊಂಡು.

ಮುಗಿಸೋಕೆ ನಂಗೆ ಶಾಸ್ತ್ರವೇ ಒಂದು ವಾಕ್ಯ ಕೊಡ್ತು. ಮನೆ ತುಂಬಿಸೋವಾಗ ತಂಗಿ ಬಾಗ್ಲು ತಡೆದು, ನಿಮ್ಗೆ ಹುಟ್ಟೋ ಮಗಳನ್ನ ನನ್ ಮಗನಿಗೆ ಕೊಡ್ತೀರಾ ಅಂತ ಕೇಳೋದು, ಒಬ್ಬರ ಹೆಸರು ಒಬ್ಬರ ಕೈಲಿ ಹೇಳ್ಸೋದು, ಎಲ್ಲಾ ಇದ್ಯಲ್ಲ. ಅದು ಎರಡೂ ಕಡೆಯೋರಿಗೂ ಗೊತ್ತು. ಹಾಗಾಗಿ "ನಾಳೆ ಬಾಗ್ಲಲ್ಲಿ ನಿಂತು ನಿಮ್ಮಿಬ್ಬರನ್ನೂ ತಡೆಯೋಳು ನಾನೇ, ಹೆಸರು ಹೇಳ್ದೆ ಒಳಗೆ ಬಿಡಲ್ಲ, ಒಡಪು ರೆಡಿ ಮಾಡ್ಕೊಂಡಿರಿ" ಅಂದು ನಿಲ್ಸ್ದೆ. ಬೆದರಿಕೇಲೇ ಕರೆದ ಹಾಗಾಯ್ತು. ಗೃಹಪ್ರವೇಶ ಆಗಿಹೋಗಿರೋ ರಿಸೆಪ್ಶನ್ನಿಗೆ ಈ ವಾಕ್ಯ ನಡೆಯಲ್ಲ, ಅಲ್ಲಿ ಬಾಗ್ಲಲ್ಲಿ ನಿಜವಾಗ್ಲೂ ಏನಾಯ್ತೋ ಅದನ್ನ ಹೇಳಿ, ಅದು ಇನ್ನೂ ಚೆನ್ನಾಗಿರುತ್ತೆ.

ಯಾವ ನೆನಪು ಬಿಡ್ಬೇಕು ಅಂತ ಗೊತ್ತಾಗ್ದೆ ಇದ್ರೆ ಒಂದು ಪರೀಕ್ಷೆ ಇದೆ. ಬರೆದಿದ್ದನ್ನ ನಿಮ್ಮನೆಗೆ ಸಂಬಂಧ ಇಲ್ಲದ ಒಬ್ಬರಿಗೆ, ಆಫೀಸ್ ಫ್ರೆಂಡೋ ಪಕ್ಕದ್ಮನೆ ಆಂಟೀನೋ, ಓದಿ ಹೇಳಿ. ಎಲ್ಲಿ "ಅಂದ್ರೆ?" ಅಂತ ಕೇಳ್ತಾರೋ ಅಲ್ಲಿ ಬೀಗರಿಗೂ ಅರ್ಥ ಆಗಲ್ಲ. ಪಿಯುಸಿ ಮಾರ್ಕ್ಸು, ಹಳೇ ಲವ್ವು, ಮೈಬಣ್ಣ, ಹಾಸಿಗೆ ಒದ್ದೆ ಮಾಡಿದ್ದು, ಇವು ಪರೀಕ್ಷೆಗೂ ಹೋಗೋದು ಬೇಡ.

ಮೈಕು, ಕಾರ್ಡು

ನಮ್ಮ ರಿಸೆಪ್ಶನ್ನಲ್ಲಿ ಮೈಕ್ ಅಂದ್ರೆ ಆರ್ಕೆಸ್ಟ್ರಾದೋರ ಮೈಕೇ. ಅದರಲ್ಲಿ ಹಾಡಿಗೆ ಅಂತ ಎಕೋ ಹಾಕಿರ್ತಾರೆ, ಮಾತಾಡಿದ್ರೆ ಒಂದು ಪದ ಮೂರು ಸಲ ಕೇಳ್ಸುತ್ತೆ, ಹಿಂದಿನ ಸಾಲಿಗೆ ಏನೂ ಗೊತ್ತಾಗಲ್ಲ. ಮುಂಚೇನೇ ಹೋಗಿ "ಅಣ್ಣಾ, ನಾನು ಮಾತಾಡೋವಾಗ ಎಕೋ ಆಫ್ ಮಾಡಿ" ಅಂತ ಹೇಳಿ, ಒಂದು ನಾಬ್ ತಿರುಗಿಸೋ ಕೆಲ್ಸ. ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡೀರಿ, ಸ್ಪೀಕರ್ ಬಾಕ್ಸ್ ಎದುರಿಗೆ ನಿಲ್ಬೇಡಿ, ಕುಯ್ಯೋ ಅನ್ನುತ್ತೆ. ಫೋನ್ ನೋಡಿ ಓದೋದು ಬೇಡ, ಮೆಹಂದಿ ಬೆರಳಿಗೆ ಲಾಕ್ ತೆಗೆಯಲ್ಲ, ವಿಡಿಯೋದೋರ ಲೈಟಿಗೆ ಸ್ಕ್ರೀನ್ ಕಾಣಲ್ಲ. ಲಗ್ನಪತ್ರಿಕೆ ಹಿಂದಿನ ಖಾಲಿ ಜಾಗದಲ್ಲಿ ದಪ್ಪಕ್ಷರದಲ್ಲಿ ಪ್ರತಿ ಪ್ಯಾರಾದ ಮೊದಲ ಮೂರು ಪದ ಬರ್ಕೊಳ್ಳಿ, ಕೈಯಲ್ಲಿ ಪತ್ರಿಕೆ ಇದ್ರೆ ನೋಡೋಕೂ ಚೆನ್ನಾಗಿರುತ್ತೆ.

ಮಾತು ಮುಗಿದ್ಮೇಲೆ ಮೈಕನ್ನ ಆರ್ಕೆಸ್ಟ್ರಾದೋರಿಗೆ ವಾಪಸ್ ಕೊಡ್ಬೇಡಿ, ಕೆಳಗಿಳಿದು ಬೀಗರ ಸಾಲಿಗೆ ಹೋಗಿ ಅವರ ಕೈಗೆ ಕೊಡಿ, ಮೊದ್ಲೇ ಒಬ್ಬರಿಗೆ ಹೇಳಿಟ್ಟಿದ್ರೆ ಒಳ್ಳೇದು. ನಾನು ವೈನಿಯ ಸೋದರಮಾವನಿಗೆ ಹೇಳಿದ್ದೆ, ಅವರು ಎದ್ದು ನಿಲ್ಲೋಷ್ಟರಲ್ಲಿ ಅಜ್ಜಾರೇ ಕೈ ಚಾಚಿ ಮೈಕ್ ತಗೊಂಡು, "ನಮ್ಮ ಹುಡುಗಿ ಸಣ್ಣಾಕಿದ್ದಾಗ ಗೋಡಂಬಿ ಅಲ್ಲ, ಹೋಳಿಗಿ ಹೂರಣಾನ ಕದೀತಿದ್ದಳು" ಅಂತ ಶುರು ಮಾಡಿ ಹದಿನೈದು ನಿಮಿಷ ಬಿಡ್ಲಿಲ್ಲ.